ಬಾಡಿಗೆ ಮನೆ ಡೈರಿ - 4: ಓನರ್ ಆಂಟಿಗೊಂದು ಪತ್ರ

ಬಾಡಿಗೆ ಬಾಕಿ ಇದ್ದಾಗ ಮೆಟ್ಟಿಲು ಇಳಿಯೋದು ಹೇಗೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಕೆಳಗಡೆ ಬಾಗಿಲು ತೆರೆದಿದ್ರೆ ಚಪ್ಪಲಿ ಕೈಯಲ್ಲಿ! ಮೈಸೂರಲ್ಲಿ ನಾವು ಮೂವರು ಹುಡುಗರು ಸೇರಿ ಹಿಡಿದ ಮನೆ. ಬಾಡಿಗೆ 7,500, ತಲೆಗೆ 2,500. ಸೆಪ್ಟೆಂಬರ್ ಕೊನೆಗೆ ಒಬ್ಬ ಓದು ಬಿಟ್ಟು ಊರಿಗೆ ಹೋದ. ಆಮೇಲೆ ಮೂರು ತಿಂಗಳು ನಾವಿಬ್ಬರು ಐದೈದು ಸಾವಿರ ಕೊಟ್ವಿ, ಅವನ ಪಾಲು ಹಾಗೇ ಉಳೀತಾ ಬಂತು. ಡಿಸೆಂಬರ್ ಮುಗಿಯೋ ಹೊತ್ತಿಗೆ ಬಾಕಿ 7,500. "ಹೀಗಾದ್ರೆ ಬೇರೆ ಮನೆ ನೋಡ್ಕೊಳ್ಳಿ" ಅಂದ್ರು ಆಂಟಿ. ಎದುರಿಗೆ ಸೆಮಿಸ್ಟರ್ ಪರೀಕ್ಷೆ.

ಎದುರು ನಿಂತು ಹೇಳಿದ್ರೆ ಮಾತು ತಪ್ಪುತ್ತೆ ಅಂತ ಪತ್ರ ಬರೆಯೋಕೆ ಕೂತೆ. "ಫುಲ್ ಸೆಂಟಿಮೆಂಟ್ ಹಾಕು ಮಗಾ" ಅಂದ ರೂಮ್‌ಮೇಟ್. ಆದ್ರೆ ಯೋಚನೆ ಮಾಡಿ, ಆಂಟಿಗೆ ಬೇಕಿರೋದು ನಮ್ಮ ಕಷ್ಟದ ಕಥೆ ಅಲ್ಲ. ಎಷ್ಟು, ಯಾವತ್ತು, ಅಷ್ಟೇ. ಹಾಗಾಗಿ ಕಾರಣಕ್ಕೆ ಎರಡೇ ಸಾಲು, ಉಳಿದಿದ್ದೆಲ್ಲ ಲೆಕ್ಕ.

ದಿನಾಂಕ ಹಾಕೋದೇ ಕಷ್ಟದ ಕೆಲಸ. ನಾನು ಸಂಜೆ ಹೋಗೋ ಆಡಿಟರ್ ಆಫೀಸಲ್ಲಿ 10ನೇ ತಾರೀಕು ಬ್ಯಾಂಕಿಗೆ ಸಂಬಳ ಹಾಕ್ತಾರೆ. 10 ಎರಡನೇ ಶನಿವಾರ ಆದ್ರೆ ಹಣ ಸೋಮವಾರ ಬರುತ್ತೆ, ಅಂದ್ರೆ 12. ಅದಕ್ಕೇ ನಾನು ಬರೆದಿದ್ದು 13. ನಮ್ಮ ಸ್ಕಾಲರ್‌ಶಿಪ್ ಕೂಡ ಬರಬೇಕು, ಆದ್ರೆ ಅದನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದು ಬರೋ ದಿನ ಯಾರಿಗೂ ಗೊತ್ತಿಲ್ಲ. ಅಂಥ ಹಣಕ್ಕೆ ದಿನಾಂಕ ಕೊಟ್ರೆ ಮೊದಲ ಕಂತೇ ತಪ್ಪುತ್ತೆ, ಆಮೇಲೆ ಉಳಿದ ಕಂತುಗಳನ್ನ ನಂಬೋರು ಯಾರು?

ಪತ್ರ ಇಷ್ಟೇ:

"ಆಂಟಿಯವರಿಗೆ ನಮಸ್ಕಾರ. ನಮ್ಮ ಜೊತೆಗಿದ್ದ ಹುಡುಗ ಮನೆ ಬಿಟ್ಟಿದ್ದರಿಂದ ಅಕ್ಟೋಬರ್, ನವೆಂಬರ್, ಡಿಸೆಂಬರ್ ಬಾಡಿಗೆಯಲ್ಲಿ ತಲಾ 2,500, ಒಟ್ಟು 7,500 ರೂಪಾಯಿ ಬಾಕಿ ಇದೆ. ಈ ತಿಂಗಳಿಂದ ಹೊಸಬನೊಬ್ಬ ಸೇರಿದ್ದಾನೆ. ಜನವರಿಯಿಂದ ಆಯಾ ತಿಂಗಳ ಪೂರ್ತಿ ಬಾಡಿಗೆಯನ್ನು 5ನೇ ತಾರೀಕಿನೊಳಗೆ ಕೊಡುತ್ತೇವೆ. ಬಾಕಿಯಲ್ಲಿ ಅಕ್ಟೋಬರ್‌ನದು ಜನವರಿ 13ಕ್ಕೆ, ನವೆಂಬರ್‌ನದು ಫೆಬ್ರವರಿ 13ಕ್ಕೆ, ಡಿಸೆಂಬರ್‌ನದು ಮಾರ್ಚ್ 13ಕ್ಕೆ. ಬೇರೆ ಹಣ ಬಂದರೆ ಮೊದಲೇ ಕೊಡುತ್ತೇವೆ. ತಮಗೆ ಒಪ್ಪಿಗೆ ಇದ್ದರೆ ಕೆಳಗೆ ಸಹಿ ಮಾಡಬೇಕಾಗಿ ವಿನಂತಿ."

ಚಾಲ್ತಿ ಬಾಡಿಗೆ ಬೇರೆ, ಬಾಕಿ ಬೇರೆ ಅಂತ ಯಾಕೆ ಬರೆದೆ ಗೊತ್ತಾ? ಬಿಸಿನೆಸ್ ಲಾ ಕ್ಲಾಸಲ್ಲಿ ನಿದ್ದೆ ಬರಿಸೋ ಭಾಗ ಒಂದಿದೆಯಲ್ಲ, 1872ರ ಭಾರತೀಯ ಒಪ್ಪಂದ ಕಾಯ್ದೆಯ 59, 60, 61ನೇ ಸೆಕ್ಷನ್? ಒಬ್ಬರಿಗೇ ಬೇರೆ ಬೇರೆ ಸಾಲ ಕೊಡಬೇಕಿದ್ದಾಗ, ಈ ಹಣ ಯಾವುದಕ್ಕೆ ಅಂತ ಕೊಡೋನು ಹೇಳಬಹುದು. ತಗೊಂಡೋರು ಅದಕ್ಕೇ ಜಮಾ ಮಾಡಬೇಕು. ಅವನು ಏನೂ ಹೇಳದಿದ್ರೆ, ಯಾವುದಕ್ಕೆ ಅಂತ ತಗೊಂಡೋರು ತೀರ್ಮಾನ ಮಾಡಬಹುದು. ಇಬ್ಬರೂ ಸುಮ್ಮನಿದ್ರೆ ಹಳೇದಕ್ಕೆ ಮೊದಲು.

ಈಗ ನಮ್ಮ ಲೆಕ್ಕ ನೋಡಿ. ಜನವರಿ 5ಕ್ಕೆ ನಾವು 7,500 ಸುಮ್ಮನೆ ಕಳಿಸಿದ್ವಿ ಅಂದ್ಕೊಳ್ಳಿ. ಬಾಕಿನೂ ಅಷ್ಟೇ ಇದೆ. ಆಂಟಿ ಅದನ್ನ ಹಳೇ ಬಾಕಿಗೆ ಹಾಕಿದ್ರೆ ಬಾಕಿ ಸೊನ್ನೆ, ಆದ್ರೆ ಜನವರಿ ಬಾಡಿಗೆ ಒಂದು ರೂಪಾಯಿನೂ ಬಂದಿಲ್ಲ ಅಂತ ಆಗುತ್ತೆ! ಒಟ್ಟು ಮೊತ್ತ ಬದಲಾಗಲ್ಲ, ಆದ್ರೆ "5ರೊಳಗೆ ಕೊಡ್ತೀವಿ" ಅನ್ನೋ ಮಾತು ಮೊದಲ ದಿನವೇ ಮುರಿದ ಹಾಗೆ ಕಾಣುತ್ತೆ. ಅದಕ್ಕೆ ಯುಪಿಐ ಮಾಡುವಾಗ ನೋಟ್ ಜಾಗದಲ್ಲಿ `Jan rent` ಅಂತ ಹಾಕಿದೆ, 13ಕ್ಕೆ `Oct balance`. ಐದು ಸೆಕೆಂಡ್ ಕೆಲಸ.

"ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಅಂತ ಬರಿ" ಅಂತಾನೂ ಒಬ್ಬ ಐಡಿಯಾ ಕೊಟ್ಟ. ಬೇಡ ಅಂದೆ. ಓನರ್‌ಗಳಿಗೆ ಇರೋ ಧೈರ್ಯವೇ ಆ ಅಡ್ವಾನ್ಸ್. ಅದಕ್ಕೆ ಕೈ ಹಾಕಿದ್ರೆ ನಾವು ಮನೆ ಬಿಡೋಕೆ ಹೊರಟಿದೀವಿ ಅಂತಾನೇ ಅನ್ಸುತ್ತೆ.

ಒಂದು ನೆನಪಿರಲಿ, ಸಹಿ ಬೀಳೋವರೆಗೆ ಈ ಪತ್ರ ಬರೀ ಕೋರಿಕೆ. ಒಪ್ಪಲೇಬೇಕು ಅಂತ ಆಂಟಿಗೇನೂ ಇಲ್ಲ, ಅಗ್ರಿಮೆಂಟ್‌ನಲ್ಲಿ ಇರೋ ತಾರೀಕೇ ನಡೆಯುತ್ತೆ. ಅದಕ್ಕೆ ಎರಡು ಪ್ರತಿ ತಗೊಂಡು ಹೋದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. "ಯಾಕಪ್ಪ ಮಾರ್ಚ್‌ವರೆಗೆ? ಫೆಬ್ರವರಿಗೇ ಮುಗ್ಸೋಕಾಗಲ್ವಾ?" ಅಂದ್ರು. ಆಗಲ್ಲ ಆಂಟಿ, ಸಂಬಳದಲ್ಲಿ ನಾನು 1,500, ಅವನು ಮನೆಯಿಂದ ಬರೋದ್ರಲ್ಲಿ 1,000, ತಿಂಗಳಿಗೆ ಅಷ್ಟೇ ಉಳಿಯೋದು ಅಂತ ನೇರವಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "13 ಅಂದ್ರೆ 13, 14 ಆಗಬಾರ್ದು" ಅಂತ ಎರಡಕ್ಕೂ ಸಹಿ ಹಾಕಿದ್ರು.

ಅವರ ಹತ್ರ ಹಾಲಿನ ಲೆಕ್ಕದ ಪುಸ್ತಕ ಇದೆ, ಕೊನೇ ಪುಟದಲ್ಲಿ ನಮ್ಮ ಹೆಸರು. ಅಕ್ಟೋಬರ್ ಮುಂದೆ "ಚುಕ್ತಾ", ನವೆಂಬರ್ ಮುಂದೆ "ಚುಕ್ತಾ". ಡಿಸೆಂಬರ್ ಮುಂದೆ ಇನ್ನೂ ಖಾಲಿ, ಅದು ಮಾರ್ಚ್ 13ಕ್ಕೆ.