ಟೀಚರಿಗೆ, ಬೀಳ್ಕೊಡುಗೆಯ ಚಿತ್ರವನ್ನು ನೋಡುತ್ತ

ಪೂಜ್ಯ ಟೀಚರ್,

ಬೀಳ್ಕೊಡುಗೆಯ ದಿನ ತರಗತಿಯಲ್ಲಿ ತೆಗೆದ ಭಾವಚಿತ್ರ ನಮ್ಮ ಮುಂದಿದೆ. ಶಾಲು ಹೊದ್ದು ಕುಳಿತ ತಮ್ಮ ಹಿಂದೆ ನಾವು ಮೂರು ಸಾಲಾಗಿ ನಿಂತಿದ್ದೇವೆ. ಇಂದಿನ ಮಕ್ಕಳದು ಒಂದೇ ಸಾಲು, ಉಳಿದವರೆಲ್ಲ ಹಳಬರು. ಆ ಲೆಕ್ಕ ತಮ್ಮ ಕಣ್ಣಿಗೂ ಬಿದ್ದಿರಬೇಕು. ಹಿಂದಿನ ಕರಿಹಲಗೆಯಲ್ಲಿ, ಬಣ್ಣದ ಸೀಮೆಸುಣ್ಣದ ಅಲಂಕಾರದ ಕೆಳಗೆ, ಯಾರೂ ಒರೆಸದೆ ಬಿಟ್ಟ 'ಆಸ್ತಿ' ಎಂಬ ಪದವಿದೆ. ನಮ್ಮ ಕೃತಜ್ಞತೆ ಆ ಪದದಿಂದಲೇ ಆರಂಭವಾಗಲಿ.

ಮುಂಬಯಿಯಲ್ಲಿ ಬೆಳೆದ ನಾವು ಕನ್ನಡಕ್ಕಿಂತ ಮೊದಲು ದೇವನಾಗರಿಯನ್ನು ಓದಿದವರು. ಬಸ್ಸಿನ ಹಣೆಯ ಅಂಕಿ, ಅಂಗಡಿಯ ಫಲಕ, ನಿಲ್ದಾಣದ ಹೆಸರು ಎಲ್ಲವೂ ಅದರಲ್ಲೇ. ಅಲ್ಲಿ ಸಂಯುಕ್ತಾಕ್ಷರದ ಮೊದಲ ವ್ಯಂಜನ ಸಾಮಾನ್ಯವಾಗಿ ಅರ್ಧವಾಗುತ್ತದೆ, ಎರಡನೆಯದು ಪೂರ್ಣವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದೇ ಪೂರ್ಣ, ಎರಡನೆಯದು ಅದರ ಕೆಳಗೆ ಒತ್ತಾಗಿ ಇಳಿಯುತ್ತದೆ. ಆದ್ದರಿಂದ ಉಕ್ತಲೇಖನದಲ್ಲಿ 'ಪುಸ್ತಕ' ಹಲವರ ಕೈಯಲ್ಲಿ 'ಪುತ್ಸಕ'ವಾಗುತ್ತಿತ್ತು. ತಾವು ಕೆಂಪು ಶಾಯಿ ಎತ್ತುವ ಮೊದಲು ಗಟ್ಟಿಯಾಗಿ ಓದಿಸುತ್ತಿದ್ದಿರಿ. 'ಪುತ್ಸಕ' ಎಂದು ಬರೆದು 'ಪುಸ್ತಕ' ಎಂದೇ ಓದಿದ ಮಗುವಿಗೆ ಕಿವಿ ಸರಿಯಿದೆ, ಕೈ ಮರಾಠಿಯಲ್ಲಿದೆ. 'ಪುಸತಕ' ಎಂದು ಬರೆದ ಮಗುವಿಗೆ ಒತ್ತು ಕೇಳಿಸಿಯೇ ಇಲ್ಲ. ಇಬ್ಬರಿಗೂ ಬೇರೆ ಬೇರೆ ಪಾಠ.

'ಆಸ್ತಿ' ಇನ್ನೂ ಕಠಿಣ. ಇ-ಕಾರ ಕೇಳಿಸುವುದು ತ-ಕಾರದ ನಂತರ, ಗುಣಿತದ ಚಿಹ್ನೆ ಕೂರುವುದು ಸ-ಕಾರದ ತಲೆಯ ಮೇಲೆ. ಅದನ್ನು 'ಆಸಿತ' ಎಂದು ಓದಿದವರನ್ನು ತಾವು ನಮ್ಮದೇ ಚಾಳಿಗೆ ಕರೆದೊಯ್ದಿರಿ. ಮೊದಲು ಬಂದವರಿಗೆ ಮಾಳಿಗೆ, ನಂತರ ಬಂದವರಿಗೆ ಕೆಳಗಿನ ಖೋಲಿ. ಬಟ್ಟೆ ಯಾರದೇ ಆಗಲಿ, ಒಣಗುವುದು ತಾರಸಿಯಲ್ಲೇ. ಬಳಿಕ ರಟ್ಟಿನ ಕಾರ್ಡುಗಳಲ್ಲಿ ಆ, ಸ್, ತ್, ಇ ಎಂದು ಬಿಡಿಸಿ, ಕೇಳಿದ ಕ್ರಮದಲ್ಲಿ ಮೇಜಿನ ಮೇಲೆ ಇಡಿಸಿ, ಆಮೇಲೆ ಕಟ್ಟಿಸುತ್ತಿದ್ದಿರಿ.

ಈ ಚಾಳಿನ ನಿಯಮ ಅರ್ಕಾವತ್ತಿನಲ್ಲಿ ಮುರಿಯುತ್ತದೆ. 'ವರ್ಷ'ದಲ್ಲಿ ರೇಫ ಮೊದಲು ಕೇಳಿಸಿದರೂ ಅದರ ಗುರುತು ಷ-ಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ಮರಾಠಿಯಲ್ಲಾದರೆ ತಲೆಯ ಮೇಲೆ. ಅದನ್ನು ಮುಚ್ಚಿಡದೆ, "ಇವನೊಬ್ಬ ಪಕ್ಕದ ಬಾಗಿಲಿನವನು, ಇವನನ್ನು ನೆನಪಿಟ್ಟುಕೊಳ್ಳಬೇಕು ಅಷ್ಟೇ" ಎಂದಿರಿ. ನಿಯಮದಷ್ಟೇ ಅಪವಾದಕ್ಕೂ ಗೌರವ ಕೊಟ್ಟ ಆ ಮಾತು ನಮಗೆ ಬಹಳ ಹಿಡಿಸಿತ್ತು.

ತಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ನಮ್ಮಲ್ಲಿ ನಾಲ್ವರು ಶನಿವಾರಗಳನ್ನು ಹಂಚಿಕೊಂಡಿದ್ದೇವೆ. ಕಾರ್ಡುಗಳ ತಗಡಿನ ಡಬ್ಬಿಯೂ ಸಿಕ್ಕಿದೆ. ಎಣಿಸಿದಾಗ ಳ-ಕಾರ ಮತ್ತು ಏ-ಕಾರ ಕಾಣಲಿಲ್ಲ. ಅವಿಲ್ಲದೆ 'ಬೆಳೆ', 'ಬೇಳೆ'ಗಳ ಪಾಠ ಮಾಡಲಾಗದು. ತಮ್ಮ ಚೀಲದಲ್ಲಿ ಉಳಿದಿದ್ದರೆ ತಿಳಿಸಿ, ಬಂದು ಒಯ್ಯುತ್ತೇವೆ.

ತಮ್ಮ ವಿದ್ಯಾರ್ಥಿಗಳು