ಅಪ್ಪನ ನೆರಳು ಬಿದ್ದ ಫೋಟೊ

ಅಪ್ಪ ಹೋಗಿ ಒಂದು ವರ್ಷ ಆದ ಮೇಲೆ ಅಮ್ಮ ಕೇಳಿದ್ದು ಒಂದೇ. ಮದುವೆಯಾದ ಹೊಸದರಲ್ಲಿ, 1993ರಲ್ಲಿ, ಅಪ್ಪನ ಜೊತೆ ನೋಡಿದ್ದ ಆ ಸಮುದ್ರಕ್ಕೆ ಇನ್ನೊಂದ್ಸಲ ಕರ್ಕೊಂಡು ಹೋಗು ಅಂತ. ‘ಯಾವ ಊರಮ್ಮ?’ ಅಂದ್ರೆ, ‘ಉಡುಪಿ ದಾಟಿಯೋ, ಮುಂಚೆಯೋ... ಬಸ್ಸಲ್ಲಿ ನಿದ್ದೆ ಬಂದಿತ್ತು ಕಣೋ’ ಅಂದಳು. ಕೈಗೆ ಕೊಟ್ಟಿದ್ದು ಒಂದು ಫೋಟೊ. ಮರಳು, ಅಲೆ, ಪ್ಯಾಂಟ್ ಮಡಚಿಕೊಂಡು ನಿಂತ ಅಪ್ಪ. ಅಷ್ಟೇ.

ನಾನು ಆತುರಪಟ್ಟೆ. ನೆಟ್‌ನಲ್ಲಿ ಹುಡುಕಿ, ಕಾಪು ಬೀಚಿನ ಒಂದು ಚಿತ್ರ ಥೇಟ್ ಹಾಗೇ ಇದೆ ಅಂತ ತೀರ್ಮಾನಿಸಿ ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿಸಿಬಿಟ್ಟೆ. ಅಲ್ಲಿ ಇಳಿದ ಅಮ್ಮ ಲೈಟ್‌ಹೌಸ್ ಕಡೆ, ಅದರ ಕೆಳಗಿನ ಬಂಡೆಗಳ ಕಡೆ ನೋಡಿ, ‘ಇದಲ್ಲ’ ಅಂದಳು. ವಾಪಸ್ ಬರುವಾಗ ಮಾತಾಡಲೇ ಇಲ್ಲ.

ಆಮೇಲೆ ಯೋಚಿಸಿದಾಗ ನನ್ನ ತಪ್ಪು ಗೊತ್ತಾಯಿತು. ನಾನು ಹೊಂದಿಸಿ ನೋಡಿದ್ದು ಮರಳು, ಅಲೆ, ತೆಂಗಿನಮರ. ಇವು ಕರಾವಳಿಯ ಉದ್ದಕ್ಕೂ ಹೊಂದುತ್ತವೆ. ಮೇಲಾಗಿ ಮರಳಿನ ದಡ ಇದ್ದ ಹಾಗೆ ಇರೋದೂ ಇಲ್ಲ. ಪ್ರತಿ ಮಳೆಗಾಲ ಕೊರೆದು, ಬೇಸಿಗೆಯಲ್ಲಿ ಮತ್ತೆ ತಂದು ಹಾಕುತ್ತೆ. ಕಾಡಿನ ಫೋಟೊ ಆಗಿದ್ದರೆ ಇನ್ನೂ ಕಷ್ಟ, ಮರದ ಹಿಂದೆ ಮರ, ದೂರದ್ದೇನೂ ಕಾಣಲ್ಲ.

ಅಟ್ಟದಲ್ಲಿದ್ದ ನೆಗೆಟಿವ್‌ಗಳನ್ನು ಇಳಿಸಿದೆ. ನೆಗೆಟಿವ್ ಅಂಚಿನಲ್ಲಿ ಪ್ರತಿ ಚಿತ್ರಕ್ಕೂ ಒಂದು ನಂಬರ್ ಇರುತ್ತೆ. ಯಾವುದರ ನಂತರ ಯಾವುದು ತೆಗೆದದ್ದು ಅಂತ ಅದೇ ಹೇಳುತ್ತೆ. ಅಪ್ಪನ ಸಮುದ್ರದ ಚಿತ್ರ 14. 15ನೆಯದರಲ್ಲಿ ಅಮ್ಮ ರಸ್ತೆ ಪಕ್ಕ ನಿಂತಿದ್ದಾಳೆ, ಹಿಂದೆ ಅಲೆಯೇ ಇಲ್ಲದ ಅಗಲವಾದ ನೀರು. ಅದನ್ನು ನಾವೆಲ್ಲ ಇನ್ಯಾವುದೋ ಊರಿನ ಕೆರೆ ಅಂದುಕೊಂಡಿದ್ದೆವು.

15ರಲ್ಲಿ ಅಮ್ಮನ ಕಾಲ ಬಳಿ ಒಂದು ಉದ್ದನೆಯ ನೆರಳಿದೆ, ಎರಡೂ ಮೊಣಕೈ ಮೇಲೆತ್ತಿದ ನೆರಳು. ಕ್ಯಾಮೆರಾ ಹಿಡಿದ ಅಪ್ಪನದು. ಅಂದರೆ ಸೂರ್ಯ ಅವರ ಬೆನ್ನಿಗಿದ್ದ. 14ರಲ್ಲಿ ಕ್ಯಾಮೆರಾ ಅಮ್ಮನ ಕೈಲಿ. ಅಲ್ಲಿ ಅಪ್ಪನ ನೆರಳು ಅವಳ ಕಡೆಗೇ ಬಿದ್ದಿದೆ, ಅಂದರೆ ಸೂರ್ಯ ಸಮುದ್ರದ ಮೇಲಿದ್ದ. ಎರಡರಲ್ಲೂ ನೆರಳು ಆಳಿನ ಎತ್ತರದ ಸುಮಾರು ನಾಲ್ಕು ಪಟ್ಟು. ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟು ಮೇಲಿದ್ದಾಗ ಹೀಗಾಗುತ್ತೆ, ಮುಳುಗೋಕೆ ಒಂದು ಗಂಟೆ ಉಳಿದಿರುವ ಹೊತ್ತು. ಆ ಹೊತ್ತಲ್ಲಿ ನೆರಳು ಬೇಗ ಬೇಗ ಬೆಳೆಯುತ್ತೆ. ಎರಡೂ ಒಂದೇ ಅಳತೆಯಲ್ಲಿವೆ ಅಂದ್ರೆ ನಡುವೆ ಕೆಲವೇ ನಿಮಿಷ. ಬಸ್ ಹತ್ತಿ ಇನ್ನೊಂದೂರಿಗೆ ಹೋಗಿಲ್ಲ, ಬರೀ ರಸ್ತೆ ದಾಟಿದ್ದಾರೆ.

ಆದರೆ ಬೆಳಗ್ಗೆ ಪೂರ್ವ ಕರಾವಳಿಯಲ್ಲೂ ನೆರಳು ಹೀಗೇ ಬೀಳುತ್ತಲ್ಲ? ಅಮ್ಮನ ನೆನಪನ್ನೊಂದೇ ನಂಬಿ ಮತ್ತೆ ಬಸ್ ಹತ್ತುವ ಧೈರ್ಯ ನನಗಿರಲಿಲ್ಲ. ಅದನ್ನು ಬಗೆಹರಿಸಿದ್ದು ಅವಳ ಪಕ್ಕದ ಕಿಲೋಮೀಟರ್ ಕಲ್ಲು. ತಲೆಗೆ ಹಳದಿ ಬಣ್ಣ, ಅಂದರೆ ರಾಷ್ಟ್ರೀಯ ಹೆದ್ದಾರಿ (ರಾಜ್ಯ ಹೆದ್ದಾರಿಯಾದರೆ ಹಸಿರು). ಅಂಕಿಯನ್ನು ಸೀರೆಯ ಸೆರಗು ಮುಚ್ಚಿದೆ. ಸ್ಕ್ಯಾನ್ ಮಾಡಿ ಹಿಗ್ಗಿಸಿದಾಗ ಮೇಲೆ ಎರಡೇ ಅಕ್ಷರ, ‘ಕುಂದಾ’. ಕನ್ನಡದಲ್ಲಿ.

ಒಂದು ಕಡೆ ಕಡಲು, ಇನ್ನೊಂದು ಕಡೆ ನಿಂತ ನೀರು, ನಡುವೆ ರಾಷ್ಟ್ರೀಯ ಹೆದ್ದಾರಿ, ಹತ್ತಿರದಲ್ಲಿ ಕುಂದಾಪುರ. ಮ್ಯಾಪ್‌ನಲ್ಲಿ ಬೆರಳಾಡಿಸಿದರೆ ಸಿಗೋದು ಒಂದೇ ಜಾಗ, ಮರವಂತೆ. ಅದು ಕೆರೆಯಲ್ಲ, ಸೌಪರ್ಣಿಕಾ ನದಿ. ಕರಾವಳಿಯ ಓದುಗರು ಈಗ ನಗುತ್ತಿರಬಹುದು. ನಾವು ತುಮಕೂರಿನವರು, ಏನು ಮಾಡೋದು.

ಈ ಸಲ ಹೊರಡುವ ಮುಂಚೆ ಹೊಂದದೇ ಇರೋದನ್ನೂ ನೋಡಿದೆ. ಇಂದಿನ ಚಿತ್ರಗಳಲ್ಲಿ ರಸ್ತೆ ಅಗಲವಾಗಿದೆ, ಅಲೆ ತಡೆಯಲು ದಡಕ್ಕೆ ಕಲ್ಲು ಸುರಿದಿದ್ದಾರೆ. ಆ ಹಳದಿ ಕಲ್ಲನ್ನು ಹುಡುಕುವುದು ದಂಡ. ಆದರೆ ಅಮ್ಮನ ಹಿಂದೆ, ನದಿಯಾಚೆ, ಕೊಡಚಾದ್ರಿ ಕಡೆಯ ಬೆಟ್ಟಸಾಲು ಮಸುಕಾಗಿ ಇದೆ. ಅದು ಮೂವತ್ತು ವರ್ಷದಲ್ಲಿ ಅಲುಗಾಡಲ್ಲ.

ಮರವಂತೆಯಲ್ಲಿ ಇಳಿದಾಗ ಅಮ್ಮ, ‘ಹೂಂ, ಇದೇ ಇರಬಹುದು’ ಅಂದಳು. ಇರಬಹುದು ಅನ್ನೋದು ನನಗೆ ಸಾಲಲಿಲ್ಲ. ಫೋಟೊದಲ್ಲಿ ನದಿ ನಡುವಿನ ಕುದ್ರುವಿನ ತುದಿ, ಬೆಟ್ಟಸಾಲಿನ ಒಂದು ತಗ್ಗಿನ ನೇರ ಕೆಳಗೆ ಬರುತ್ತೆ. ರಸ್ತೆ ಅಂಚಿನಲ್ಲಿ ನಡೆದ ಹಾಗೆ ಹತ್ತಿರದ ಕುದ್ರು ಬೇಗ ಸರಿಯುತ್ತೆ, ದೂರದ ಬೆಟ್ಟ ಅಲ್ಲೇ ಇರುತ್ತೆ. ಹಾಗಾಗಿ ಎರಡೂ ಒಂದೇ ಗೆರೆಗೆ ಬರೋ ಜಾಗ ಒಂದೇ. ಕುದ್ರುವಿನ ಅಂಚೂ ಒಂದಷ್ಟು ಸವೆದಿರುತ್ತೆ, ಆದ್ದರಿಂದ ಹತ್ತಿಪ್ಪತ್ತು ಹೆಜ್ಜೆ ಆಚೀಚೆ ಆದೀತು. ಉತ್ತರಕ್ಕೆ ಸ್ವಲ್ಪ ದೂರ ನಡೆದೆವು. ಫೋನ್ ಎತ್ತಿ ಹಿಡಿದು, ‘ಇಲ್ಲಿ ನಿಂತ್ಕೊಮ್ಮ’ ಅಂದೆ.

ಅಮ್ಮ ನದಿಗೆ ಬೆನ್ನು ಹಾಕಿ ನಿಂತಳು. ಸಂಜೆ ಐದೂವರೆ, ನನ್ನ ನೆರಳು ಅವಳ ಕಾಲ ತನಕ ಹೋಗಿತ್ತು. ಅವಳು ಅದನ್ನೇ ನೋಡ್ತಾ, ‘ಎಳನೀರಿಗೆ ಚೌಕಾಸಿ ಮಾಡಿದ್ರು ನಿಮ್ಮಪ್ಪ ಇಲ್ಲಿ, ನಂಗೆ ನಾಚಿಕೆ ಆಗಿ ಈ ಕಡೆ ಬಂದು ನಿಂತಿದ್ದೆ’ ಅಂದಳು.