ಚದರಡಿ ಸಾಕು, ಕಲ್ಲು ಸಾಲದು

ನಾವು ಮೂವರೂ ಸಿವಿಲ್. ಹಾಗಾಗಿ ನಮ್ಮಲ್ಲೊಬ್ಬನ ಮನೆಯಲ್ಲಿ ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿಸೋ ಮಾತು ಬಂದಾಗ ಲೆಕ್ಕದ ಕೆಲಸ ತಾನಾಗೇ ನಮ್ಮ ಪಾಲಿಗೆ ಬಂತು. "ಎಷ್ಟು ಕಲ್ಲು ಬೇಕು ಅಂತ ಸರಿಯಾಗಿ ಹೇಳ್ರಪ್ಪಾ, ಒಂದು ತುಂಡು ಸಾಲಲಿಲ್ಲ ಅಂತ ಮತ್ತೆ ಅಂಗಡಿಗೆ ಓಡೋ ಹಾಗಾಗಬಾರದು" ಅಂದರು ಅವನ ಅಮ್ಮ. ಆ ಭಯಕ್ಕೆ ಕಾರಣವಿದೆ. ಒಂದೇ ಹೆಸರಿನ ಗ್ರಾನೈಟ್ ಆದರೂ ಬೇರೆ ಬ್ಲಾಕಿನಿಂದ ಕೊಯ್ದ ಸ್ಲ್ಯಾಬಿನ ಬಣ್ಣ, ಚುಕ್ಕಿ ಸ್ವಲ್ಪ ಬೇರೆ ಇರುತ್ತೆ. ತಿಂಗಳು ಬಿಟ್ಟು ತಂದ ತುಂಡು ಪಕ್ಕದಲ್ಲಿ ಕೂತರೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಒಂದೇ ಸಲಕ್ಕೆ ಸರಿಯಾಗಿ ತರಬೇಕು.

ಕಟ್ಟೆ 'ಎಲ್' ಆಕಾರದ್ದು. ಉದ್ದದ ಗೋಡೆ 11 ಅಡಿ, ಅಡ್ಡ ಗೋಡೆ 7 ಅಡಿ. ಕಲ್ಲಿನ ಅಗಲ 25 ಇಂಚು: ಕಟ್ಟೆ 24, ಮುಂದಕ್ಕೆ ಚಾಚೋಕೆ 1. ಇಲ್ಲಿ 11 ಮತ್ತು 7 ಕೂಡಿಸಿ 18 ಅಡಿ ಅನ್ನೋ ಹಾಗಿಲ್ಲ, ಯಾಕಂದ್ರೆ ಮೂಲೆಯ 25 ಇಂಚು ಎರಡೂ ಕಡೆ ಲೆಕ್ಕಕ್ಕೆ ಬಂದುಬಿಡುತ್ತೆ. ಉದ್ದದ ಗೋಡೆಗೆ 132 ಇಂಚು ಪೂರ್ತಿ ಇಟ್ಟು, ಅಡ್ಡ ಗೋಡೆಯ 84ರಲ್ಲಿ 25 ಕಳೆದರೆ 59. ಒಟ್ಟು 191 ಇಂಚು ಉದ್ದ, 25 ಇಂಚು ಅಗಲ. ಅಂದರೆ ಸುಮಾರು 33.2 ಚದರಡಿ.

ಸ್ಕರ್ಟಿಂಗ್ ಗೋಡೆಗೆ ಅಂಟೋದ್ರಿಂದ ಅದಕ್ಕೆ ಮೂಲೆ ಕಳೆಯೋ ಹಾಗಿಲ್ಲ, ಪೂರ್ತಿ 18 ಅಡಿ ಬೇಕು. 4 ಇಂಚು ಎತ್ತರ ಇಟ್ಟರೆ 6 ಚದರಡಿ. ಕಟ್ಟೆಯ ಮುಂದಿನ ಅಂಚು ದಪ್ಪ ಕಾಣಲಿ ಅಂತ ಕೆಳಗೆ ಅಂಟಿಸೋ 2 ಇಂಚಿನ ಪಟ್ಟಿ ಒಳಗಿನ ಅಂಚಿನುದ್ದಕ್ಕೂ ಹೋಗುತ್ತೆ: 107 ಮತ್ತು 59 ಇಂಚು, ಸುಮಾರು 2.3 ಚದರಡಿ. ಎಲ್ಲಾ ಸೇರಿ 41.5 ಚದರಡಿ. ಸಿಂಕ್‌ಗೆ ಕೊರೆಯೋ ರಂಧ್ರವನ್ನ ನಾವು ಕಳೆಯಲಿಲ್ಲ. ಕಲ್ಲು ಕೊಂಡ ಮೇಲೇ ಅದನ್ನ ಕೊರೆಯೋದು, ದುಡ್ಡು ಪೂರ್ತಿ ಕಲ್ಲಿಗೇ.

ಇದರ ಮೇಲೆ ವೇಸ್ಟೇಜ್ 10% ಸೇರಿಸೋದು ರೂಢಿ. ಆಗ 45.6 ಆಗುತ್ತೆ. ಅಂಗಡಿಯಲ್ಲಿ 7 ಅಡಿ ಉದ್ದ, 27 ಇಂಚು ಅಗಲದ ಸಣ್ಣ ಸ್ಲ್ಯಾಬ್ ಇತ್ತು, ಒಂದಕ್ಕೆ 15.75 ಚದರಡಿ. ಮೂರು ತಂದರೆ 47.25. ಕಾಗದದ ಮೇಲೆ ಲೆಕ್ಕ ಪಾಸ್!

ನಾವು ಕೂಡಿಸಿದ್ದನ್ನೆಲ್ಲ ಮೇಸ್ತ್ರಿ ಸುಮ್ನೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಸರಿ ಕಣ್ರಪ್ಪಾ, ಈ ಮೂರರಲ್ಲಿ ಸ್ಕರ್ಟಿಂಗ್ ಯಾವುದರಿಂದ ತೆಗೀಲಿ?"

ಉತ್ತರ ಹುಡುಕೋಕೆ ಗ್ರಾಫ್ ಶೀಟ್ ತೆಗೆದೆವು. ಒಂದು ಇಂಚಿಗೆ ಒಂದು ಮಿಲಿಮೀಟರ್. ಸ್ಲ್ಯಾಬಿನ ಅಂಚು ನೇರ ಇರಲ್ಲ, ಅದನ್ನ ಕೊಯ್ದು ತೆಗೆದರೆ 84×27ರಲ್ಲಿ ಕೈಗೆ ಸಿಗೋದು ಸುಮಾರು 82×26. ಅದರಲ್ಲಿ 25 ಇಂಚು ಕಟ್ಟೆಗೆ ಹೋದರೆ ಪಕ್ಕದಲ್ಲಿ ಉಳಿಯೋದು ಒಂದು ಇಂಚು. ಅದು ಯಾವುದಕ್ಕೂ ಬಾರದು. ಉದ್ದದ ಗೋಡೆಗೆ 82 ಮತ್ತು 50, ಅಡ್ಡ ಗೋಡೆಗೆ 59. 50 ಮತ್ತು 59 ಒಂದೇ ಸ್ಲ್ಯಾಬಿನಲ್ಲಿ ಹಿಡಿಯಲ್ಲ. ಹೀಗೆ ಮೂರೂ ಸ್ಲ್ಯಾಬ್ ಕಟ್ಟೆಗೇ ಮುಗಿದವು. ಉಳಿದದ್ದು 32 ಇಂಚು ಮತ್ತು 23 ಇಂಚು ಉದ್ದದ ಎರಡು ತುಂಡು. ಅವನ್ನೇ ಸೀಳಿದರೆ ಸ್ಕರ್ಟಿಂಗ್ ಎಂಟು ತುಂಡಾಗಿ ಬರುತ್ತೆ, ಮುಂದಿನ ಪಟ್ಟಿಯೂ ಹಾಗೇ ತುಂಡು ತುಂಡಾಗುತ್ತೆ. ಚದರಡಿ ಸಾಕಿತ್ತು, ಆದರೆ ಬೇಕಾದ ಆಕಾರದಲ್ಲಿ ಇರಲಿಲ್ಲ. ತೇಪೆ ಬೇಡ ಅಂದರೆ ನಾಲ್ಕನೇ ಸ್ಲ್ಯಾಬ್ ಬೇಕೇ ಬೇಕು. ಅಂದರೆ 63 ಚದರಡಿ, ಬೇಕಾದ್ದಕ್ಕಿಂತ 52% ಜಾಸ್ತಿ.

ಇದೇ ಕಟ್ಟೆಯನ್ನ ದೊಡ್ಡ ಸ್ಲ್ಯಾಬಿನ ಮೇಲೆ ಜೋಡಿಸಿ ನೋಡಿದೆವು. ಅದು 9 ಅಡಿ 6 ಇಂಚು ಉದ್ದ, 5 ಅಡಿ 6 ಇಂಚು ಅಗಲ, 52.25 ಚದರಡಿ. ನಾಲ್ಕೂ ಅಂಚಲ್ಲಿ ಒಂದೊಂದು ಇಂಚು ಬಿಟ್ಟರೆ 112×64. ಅಗಲದಲ್ಲಿ 25ರ ಎರಡು ಪಟ್ಟೆ ಹೋದರೆ 14 ಇಂಚು ಉಳಿಯುತ್ತೆ. ಅದರಲ್ಲಿ ಸ್ಕರ್ಟಿಂಗ್‌ಗೆ 4 ಇಂಚಿನವು ಎರಡು, ಮುಂದಿನ ಪಟ್ಟಿಗೆ 2 ಇಂಚಿನವು ಎರಡು, ಒಟ್ಟು 12. ಬ್ಲೇಡ್ ಪ್ರತಿ ಕೊಯ್ತಕ್ಕೂ ಮೂರು ನಾಲ್ಕು ಮಿಲಿಮೀಟರ್ ತಿನ್ನುತ್ತೆ. ಎಲ್ಲಾ ಕೊಯ್ತ ಸೇರಿದರೂ ಸುಮಾರು ಒಂದು ಇಂಚು. ಎಲ್ಲವೂ ಒಂದೇ ಸ್ಲ್ಯಾಬಿನಲ್ಲಿ ಕೂತಿತು! ಬೇಕಾದ್ದಕ್ಕಿಂತ 26% ಮಾತ್ರ ಜಾಸ್ತಿ.

ಅಂದರೆ ವೇಸ್ಟೇಜ್ ಅನ್ನೋದು ಮೊದಲೇ ಸೇರಿಸೋ ಶೇಕಡಾ ಅಲ್ಲ. ಯಾವ ಕಟ್ಟೆ, ಯಾವ ಸ್ಲ್ಯಾಬ್ ಅನ್ನೋದು ಗೊತ್ತಾದ ಮೇಲೆ ಬರೋ ಉತ್ತರ. ನಮ್ಮ ಕಟ್ಟೆ ಒಂದೇ. ಒಂದು ಸ್ಲ್ಯಾಬಿಗೆ 26%, ಇನ್ನೊಂದಕ್ಕೆ 52%.

ಬೆಲೆಗೂ ಇದೇ ಕೀಲಿ. ಸಣ್ಣ ಸ್ಲ್ಯಾಬಿಗೆ ಚದರಡಿ ದರ ಸಾಮಾನ್ಯವಾಗಿ ಕಡಿಮೆ, ಆದರೆ ಹೋಲಿಸಬೇಕಾದ್ದು ದರವನ್ನಲ್ಲ. 52.25ನ್ನ 63ರಿಂದ ಭಾಗಿಸಿದರೆ 0.83. ದೊಡ್ಡದು ಚದರಡಿಗೆ 200 ರೂಪಾಯಿ ಅಂದುಕೊಂಡರೆ ಸಣ್ಣದು ಸುಮಾರು 166ಕ್ಕಿಂತ ಕೆಳಗಿದ್ದರೆ ಮಾತ್ರ ಲಾಭ. 175 ಅಂದಾಗ ಅಗ್ಗ ಅನ್ನಿಸುತ್ತೆ, ಬಿಲ್ ಮಾತ್ರ ಜಾಸ್ತಿ ಬರುತ್ತೆ.

ಇನ್ನು ಜಾಯಿಂಟ್. 132 ಇಂಚು ಒಂದೇ ತುಂಡಲ್ಲಿ ಬರಲ್ಲ, 112ಕ್ಕೆ ನಿಲ್ಲುತ್ತೆ. ಎರಡನೇ ಪಟ್ಟೆಯಲ್ಲಿ ಅಡ್ಡ ಗೋಡೆಯ 59 ಹೋಗಬೇಕಾದ್ರಿಂದ ಅಲ್ಲಿ ಉಳಿಯೋದು 53. ಹಾಗಾಗಿ ಜಾಯಿಂಟ್ ಕಟ್ಟೆಯ ತುದಿಯಿಂದ 20 ಇಂಚಿನಿಂದ 53 ಇಂಚಿನ ಒಳಗೆ ಎಲ್ಲಾದರೂ ಬರಬಹುದು. ಆದರೆ ಕಿಟಕಿ ಕೆಳಗಿನ ಸಿಂಕ್ ತುದಿಯಿಂದ 28ರಿಂದ 52ರವರೆಗೆ ಇತ್ತು. ಸಿಂಕ್ ರಂಧ್ರದ ಹಿಂದೆ ಮುಂದೆ ಉಳಿಯೋ ಕಲ್ಲು ಕಿರಿದಾದ ಪಟ್ಟಿ, ಎತ್ತುವಾಗ ಮುರಿಯೋದು ಅಲ್ಲೇ. ಸಿಂಕ್ ಅಂಚಿಗೇ ಜಾಯಿಂಟ್ ಬಂದರೆ ನೀರೂ ಇಳಿಯುತ್ತೆ. ಅದಕ್ಕೆ 22ರಲ್ಲಿ ಇಟ್ಟೆವು: 110 ಮತ್ತು 22. ಸಿಂಕ್‌ಗೂ ಜಾಯಿಂಟ್‌ಗೂ ನಡುವೆ 6 ಇಂಚು ಗಟ್ಟಿ ಕಲ್ಲು. ಸ್ಕರ್ಟಿಂಗನ್ನೂ ಅದೇ ಗೆರೆಗೆ ಒಡೆದೆವು: ಒಂದು ಪಟ್ಟಿಯಲ್ಲಿ 110, ಇನ್ನೊಂದರಲ್ಲಿ 84 ಮತ್ತು 22.

ದೊಡ್ಡ ಸ್ಲ್ಯಾಬಿಗೂ ಮಿತಿ ಇದೆ. 18 ಮಿಲಿಮೀಟರ್ ದಪ್ಪಕ್ಕೆ ಅದರ ತೂಕ ಸುಮಾರು 235 ಕೆಜಿ. ಹಳೆಯ ಮನೆಯ ಕಿರಿದಾದ ಬಾಗಿಲಲ್ಲಿ ಅದನ್ನ ಒಳಗೆ ತರೋದು ಆಗದ ಮಾತು, ಅಂಗಡಿಯಲ್ಲೇ ಕೊಯ್ಸಬೇಕು. ಆಗ ಅಳತೆ ಪ್ಲಾಸ್ಟರಿಂಗ್ ಆದ ಮೇಲಿನದೇ ಆಗಿರಬೇಕು. ಮೂಲೆ ನೇರ ಇದೆಯಾ ಅಂತಲೂ ನೋಡಬೇಕು: ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ನಡುವಿನ ಅಂತರ 5 ಅಡಿ ಬರದಿದ್ದರೆ ಮೂಲೆ ಓರೆ ಅಂತ ಅರ್ಥ. ಇನ್ನೊಂದು ವಿಷಯ, ಈ ಜೋಡಣೆ ಕೆಲಸ ಮಾಡಿದ್ದು ಕಲ್ಲು ಒಂದೇ ಬಣ್ಣದ ಕಪ್ಪು ಆಗಿದ್ದಕ್ಕೆ. ಗೆರೆ ಓಡೋ ಕಲ್ಲಾದರೆ ಗೆರೆಯ ದಿಕ್ಕನ್ನೂ ನೋಡಿಕೊಂಡು ಜೋಡಿಸಬೇಕು, ವೇಸ್ಟೇಜ್ ಇನ್ನೂ ಏರುತ್ತೆ.

ಅಂಗಡಿಗೆ ಗ್ರಾಫ್ ಶೀಟ್ ಜೊತೆ ಟೇಪನ್ನೂ ಒಯ್ದೆವು. ಸ್ಲ್ಯಾಬಿನ ಮೇಲೆ ಬರೆದ ಅಳತೆ ನಂಬದೆ, ಮೂಲೆ ಮುರಿದ ಜಾಗ ಬಿಟ್ಟು, ಅತಿ ಕಿರಿದಾದ ಕಡೆ ಅಳೆದು 112×64 ಸಿಗುತ್ತಾ ಅಂತ ನೋಡಿದ ಮೇಲೇ ಒಪ್ಪಿದ್ದು. ಕೊಯ್ದು ಮುಗಿದಾಗ ಎರಡನೇ ಪಟ್ಟೆಯ ತುದಿಯಲ್ಲಿ 31 ಇಂಚಿನ ತುಂಡು ಉಳಿಯಿತು. ಅದನ್ನ ಮೇಸ್ತ್ರಿ ಫಿಲ್ಟರ್ ಇಡೋ ಮೂಲೆಗೆ ಹಾಕಿಕೊಟ್ಟರು.